ಅಪ್‌ಡೇಟ್: ನೆಟ್ ರನ್ ರೇಟ್ ಲೆಕ್ಕ ಸಿಕ್ಕಿತು

ಕೇಳಿದ್ದು: ಸ್ಕೋರ್‌ಕಾರ್ಡ್ ಫೋಟೊ ನೋಡಿ ಲೆಕ್ಕ ಹಾಕಿದ್ರೆ ನಮ್ಮ ತಂಡಕ್ಕೆ +0.831 ಬರ್ತಿದೆ. ಪಾಯಿಂಟ್ಸ್ ಟೇಬಲ್‌ನಲ್ಲಿ +0.543 ಇದೆ. ಯಾವುದು ಸರಿ?

ಅಪ್‌ಡೇಟ್: ಟೇಬಲ್ಲೇ ಸರಿ. ಉತ್ತರ ಕೊಟ್ಟವರಿಗೆಲ್ಲ ಧನ್ಯವಾದ. ನನ್ನ ಲೆಕ್ಕದಲ್ಲಿ ಮೂರು ಕಡೆ ಎಡವಟ್ಟಾಗಿತ್ತು.

ಮೊದಲನೆಯದು ಫೋಟೊದ್ದು. ಮೂರನೇ ಮ್ಯಾಚ್‌ನಲ್ಲಿ ನಾವು 127 ಹೊಡೆದು ಗೆದ್ದ ಓವರನ್ನು 16.8 ಅಂತ ಓದಿದ್ದೆ. ಓವರ್‌ಗೆ ಆರೇ ಬಾಲ್, ಹಾಗಾಗಿ ಚುಕ್ಕೆ ಆದ ಮೇಲೆ 5 ದಾಟುವ ಹಾಗೇ ಇಲ್ಲ. ಫೋಟೊ ಹಿಗ್ಗಿಸಿ ನೋಡಿದರೆ ಮಡಿಕೆಯ ಗೆರೆ 3ನ್ನು 8 ಮಾಡಿತ್ತು.

ಎರಡನೆಯದು, 16.3 ಅಂದರೆ ಹದಿನಾರೂವರೆ ಓವರ್. ನಾನು ಅದನ್ನೆಲ್ಲ ದಶಾಂಶದ ಹಾಗೆ ಕೂಡಿಸುತ್ತಿದ್ದೆ. ಈಗ ಬಾಲ್‌ಗಳಲ್ಲೇ ಎಣಿಸುತ್ತೇನೆ, ಗೊಂದಲವೇ ಇಲ್ಲ.

ದೊಡ್ಡ ವ್ಯತ್ಯಾಸ ತಂದಿದ್ದು ಮೂರನೆಯದು. ಎರಡನೇ ಮ್ಯಾಚ್‌ನಲ್ಲಿ ನಾವು 17.2 ಓವರ್‌ಗೆ 112 ರನ್ನಿಗೆ ಆಲೌಟ್. ಆಲೌಟ್ ಆದರೆ ಪೂರ್ತಿ 20 ಓವರ್ ಆಡಿದಂತೆಯೇ ಲೆಕ್ಕ. ಎದುರಾಳಿ 113ನ್ನು 18.4ರಲ್ಲಿ ಮುಗಿಸಿದರು, ಅವರು ಆಲೌಟ್ ಆಗದ್ದರಿಂದ ಅದು 112 ಬಾಲ್ ಮಾತ್ರ.

ಮೂರೂ ಮ್ಯಾಚ್ ಸೇರಿಸಿದರೆ ನಾವು 339 ಬಾಲ್‌ಗೆ 387 ಹೊಡೆದಿದ್ದೇವೆ, 352 ಬಾಲ್‌ಗೆ 370 ಬಿಟ್ಟುಕೊಟ್ಟಿದ್ದೇವೆ.

```
387*6/339 - 370*6/352
6.850 - 6.307 = +0.543
```

ಒಬ್ಬರು ಪ್ರತಿ ಮ್ಯಾಚ್‌ನ ರೇಟ್ ತೆಗೆದು ಸರಾಸರಿ ಮಾಡಿ ಅಂದಿದ್ದರು. ಹಾಗೆ ಮಾಡಿದರೆ ಈ ಅಂಕಿ ಬರುವುದಿಲ್ಲ. ರನ್ನು, ಬಾಲು ಎಲ್ಲ ಮೊದಲು ಒಟ್ಟುಗೂಡಿಸಿ ಆಮೇಲೇ ಭಾಗಿಸಬೇಕು.