ಅಪ್‌ಡೇಟ್: ಚರ್ಚಾಸ್ಪರ್ಧೆಯ ಇಂಗ್ಲಿಷ್ ಆರಂಭ ಭಾಷಣ ಹೇಗೆ ಸರಿಹೋಯಿತು

ನನ್ನ ಪ್ರಶ್ನೆ: "ಶಿವಮೊಗ್ಗದ ಅಂತರಕಾಲೇಜು ಚರ್ಚಾಸ್ಪರ್ಧೆಗೆ ಬರೆದ ಇಂಗ್ಲಿಷ್ ಭಾಷಣ ಪಾಠ ಒಪ್ಪಿಸಿದಂತೆ ಕೇಳಿಸುತ್ತಿದೆ, ಏನು ತಿದ್ದಲಿ?"

ಮೊದಲ ವಾಕ್ಯ "ಅವರ್ ಹಿಲ್ಸ್ ಆರ್ ಲೂಸಿಂಗ್ ದೇರ್ ಫಾರೆಸ್ಟ್ಸ್ ಸಿನ್ಸ್ ಮೆನಿ ಇಯರ್ಸ್" ಎಂದಿತ್ತು. ಹಿಂದೆ ಆರಂಭವಾಗಿ ಇಂದಿಗೂ ಮುಂದುವರಿದಿರುವ ಕ್ರಿಯೆಗೆ 'ಹ್ಯಾವ್ ಬೀನ್ ಲೂಸಿಂಗ್' ಬೇಕು, 'ಸಿನ್ಸ್' ಆರಂಭದ ಗಳಿಗೆಗೆ, 'ಫಾರ್' ಅವಧಿಗೆ ಎಂದು ತಿಳಿಸಿದವರಿಗೆ ಧನ್ಯವಾದಗಳು. ಆದರೆ ಭಾಷಣಕ್ಕೆ ಜೀವ ಬಂದದ್ದು, ಒತ್ತು ಬೀಳಬೇಕಾದ ಪದವನ್ನು ವಾಕ್ಯದ ಕೊನೆಗೆ ತನ್ನಿ ಎಂಬ ಇನ್ನೊಬ್ಬರ ಸಲಹೆಯಿಂದ. ಈಗಿನ ರೂಪ: "ಫಾರ್ ಮೆನಿ ಇಯರ್ಸ್, ಅವರ್ ಹಿಲ್ಸ್ ಹ್ಯಾವ್ ಬೀನ್ ಲೂಸಿಂಗ್ ದೇರ್ ಫಾರೆಸ್ಟ್ಸ್." 'ಇಯರ್ಸ್' ಆದ ಮೇಲೆ ಸಣ್ಣ ವಿರಾಮ ತಾನಾಗಿ ಬರುತ್ತದೆ, ಧ್ವನಿ 'ಫಾರೆಸ್ಟ್ಸ್' ಮೇಲೆ ಇಳಿದು ನಿಲ್ಲುತ್ತದೆ.

ಮುಖ್ಯವೆನಿಸಿದ ಪದಗಳಿಗೆಲ್ಲ ಅಡಿಗೆರೆ ಎಳೆಯುವ ಸಲಹೆ ನನಗೆ ಫಲಿಸಲಿಲ್ಲ. ಎಲ್ಲದಕ್ಕೂ ಒತ್ತು ಕೊಟ್ಟಾಗ ಯಾವುದೂ ಎದ್ದು ಕೇಳಲಿಲ್ಲ. ನಿಜವಾಗಿ ಅಚ್ಚರಿಯಾದದ್ದು, ಲಯ ಕೆಡಿಸುತ್ತಿದ್ದುದು ನಾನು ಪೂರ್ತಿಯಾಗಿ ಉಚ್ಚರಿಸುತ್ತಿದ್ದ ಸಣ್ಣ ಪದಗಳು ಎಂಬುದು: ಕನ್ನಡದಂತೆ ಪ್ರತಿ ಅಕ್ಷರಕ್ಕೂ ಸಮಪಾಲು ಕೊಡದೆ 'ಹ್ಯಾವ್ ಬೀನ್', 'ದೇರ್' ಇವುಗಳನ್ನು ಹಗುರವಾಗಿ, ಬೇಗ ದಾಟಿಸಿದಾಗ 'ಹಿಲ್ಸ್', 'ಲೂಸಿಂಗ್', 'ಫಾರೆಸ್ಟ್ಸ್' ಮಾತ್ರ ಮೇಲೆದ್ದವು. ವೇದಿಕೆಯಲ್ಲಿ ಆರಂಭ ಚೆನ್ನಾಗಿ ನಡೆಯಿತು. ಎದುರಾಳಿಗೆ ಆಶುವಾಗಿ ಉತ್ತರಿಸುವಾಗ ಮಾತ್ರ ಹಳೆಯ ಏಕತಾನವೇ ಮರಳಿತು.