ಪದಚರ್ಚೆ: ಬಾಟ್ ಜೊತೆಗಿನ ಮಾತನ್ನು ಬಳಕೆದಾರರು ಬಿಟ್ಟುಹೋಗುವ ಜಾಗಕ್ಕೆ ಏನೆನ್ನಬೇಕು?

ಪ್ರಶ್ನೆ:
ವಿದ್ಯುತ್ ಬಿಲ್ಲಿನ ವಿಚಾರಣೆಗೆಂದು ಇಟ್ಟಿರುವ ಚಾಟ್‌ಬಾಟ್‌ನ ಲಾಗ್‌ಗಳನ್ನು ಓದಿ ಸಿದ್ಧಪಡಿಸಿದ ವರದಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರ ಕೋಷ್ಟಕದಲ್ಲಿರುವ ‘ಡ್ರಾಪ್-ಆಫ್ ಪಾಯಿಂಟ್’ ಎಂಬ ತಲೆಬರಹಕ್ಕೆ ನಾಳೆ ಸಂಜೆಯೊಳಗೆ ಪದ ಬೇಕಾಗಿದೆ. ‘ಪರಿತ್ಯಾಗ ಬಿಂದು’ ಎಂದು ಬರೆದಿದ್ದೆ, ಓದಿದವರು ನಕ್ಕರು.

ಉತ್ತರ 1:
ನಕ್ಕದ್ದು ಸರಿಯೇ. ‘ತೊರೆ’ ಎಂಬ ಅಚ್ಚಗನ್ನಡ ಧಾತುವಿರುವಾಗ ಸಂಸ್ಕೃತದ ಹಂಗೇಕೆ? ‘ತೊರೆತಾಣ’ ಎನ್ನಿ. ಹರಿಯುವ ತೊರೆಯೂ ದಡವನ್ನು ತೊರೆದು ಸಾಗುವುದರಿಂದಲೇ ಆ ಹೆಸರು ಪಡೆದಿದೆ.

ಉತ್ತರ 2:
ಹಳಗನ್ನಡದಲ್ಲಿ ಎರಡಕ್ಕೂ ಱಕಾರವಿದೆ ಎಂಬಷ್ಟರಿಂದ ಎರಡೂ ಒಂದೇ ಧಾತುವಾಗುವುದಿಲ್ಲ. ಬಿಡು ಎಂಬರ್ಥದ ‘ತೊಱೆ’ಗೆ ತಮಿಳಿನ ‘ತುಱ’ ಸಾಟಿ, ನದಿಯ ‘ತೊಱೆ’ಗೆ ‘ತುಱೈ’. ‘ತೊರೆತಾಣ’ ಎಂದರೆ ಜನ ಸ್ನಾನಘಟ್ಟವೆಂದುಕೊಂಡಾರು.

ಉತ್ತರ 3:
ನಮ್ಮ ಬ್ಯಾಂಕಿನ ಬಾಟ್‌ನಿಂದ ಹೊರಬರಲು ಗುಂಡಿಯೇ ಇಲ್ಲ. ಅದಕ್ಕೆ ‘ನಿರ್ಗಮನ’ ಎಂಬ ಗುಂಡಿ ಸಾಕಲ್ಲವೇ?

ಉತ್ತರ 4:
ಕೇಳಿರುವುದು ಗುಂಡಿಯ ಹೆಸರನ್ನಲ್ಲ. ನಾನು ಇಂಥ ಲಾಗ್‌ಗಳನ್ನೇ ದಿನವೂ ಓದುವವನು. ಮೂವತ್ತು ನಿಮಿಷ ಉತ್ತರ ಬಾರದಿದ್ದರೆ ಮಾತು ಬಿಟ್ಟುಹೋಯಿತೆಂದು ನಮ್ಮಲ್ಲಿ ಎಣಿಸುವುದು ಯಂತ್ರ. ಅದಕ್ಕೆ ಕಾಣುವುದು ಮೌನ ಮಾತ್ರ. ಒಬ್ಬರಿಗೆ ಬಾಟ್ ‘ನಿಮ್ಮ ಬಾಕಿ 640 ರೂಪಾಯಿ’ ಎನ್ನುತ್ತದೆ, ಅವರು ಸುಮ್ಮನಾಗುತ್ತಾರೆ; ಅವರ ಕೆಲಸ ಮುಗಿದಿದೆ. ಇನ್ನೊಬ್ಬರಿಗೆ ‘10 ಅಂಕಿಯ ಖಾತೆ ಸಂಖ್ಯೆ ನಮೂದಿಸಿ’ ಎನ್ನುತ್ತದೆ, ಅವರು ‘ಅದು ಎಲ್ಲಿರುತ್ತೆ?’ ಎಂದು ಕೇಳುತ್ತಾರೆ, ಬಾಟ್ ‘ಅರ್ಥವಾಗಲಿಲ್ಲ’ ಎಂದು ಅದೇ ಸಾಲನ್ನು ಮತ್ತೆ ಹೇಳುತ್ತದೆ, ಅವರೂ ಸುಮ್ಮನಾಗುತ್ತಾರೆ. ಎಣಿಕೆಯಲ್ಲಿ ಇಬ್ಬರೂ ಒಂದೇ. ಮೂರನೆಯವರು ಹಳೆಯ ಬಿಲ್ ಹುಡುಕಿಕೊಂಡು ನಲವತ್ತು ನಿಮಿಷಗಳ ನಂತರ ಅದೇ ಫೋನಿನಿಂದ ಖಾತೆ ಸಂಖ್ಯೆ ಕಳುಹಿಸುತ್ತಾರೆ. ಅದು ಹೊಸ ಮಾತುಕತೆಯೆಂದು ದಾಖಲಾಗಿ, ಹಿಂದಿನದು ಬಿಟ್ಟುಹೋದವರ ಲೆಕ್ಕದಲ್ಲಿಯೇ ಉಳಿಯುತ್ತದೆ. ಆದುದರಿಂದ ಬಾಟ್‌ನ ಕೊನೆಯ ಸಾಲಿನ ಪ್ರಕಾರ ಲಾಗ್‌ಗಳನ್ನು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಕೆಲವನ್ನಾದರೂ ಮೊದಲಿಂದ ಓದಬೇಕಾಗುತ್ತದೆ. ಯಂತ್ರ ಎಣಿಸಿದ ಕಲಮಿಗೆ ‘ಮಾತು ನಿಂತ ಕಡೆ’ ಎನ್ನಿ. ‘ಅರ್ಧಕ್ಕೆ ಬಿಟ್ಟ ಕಡೆ’ ಎಂಬುದನ್ನು ಓದಿ ತೀರ್ಮಾನಿಸಿದ್ದಕ್ಕೆ ಮೀಸಲಿಡಿ.

ಉತ್ತರ 1:
ಮೂರು ಪದಗಳ ಸಾಲು ಪಾರಿಭಾಷಿಕವಾಗುವುದಿಲ್ಲ. ಮೇಲಾಗಿ ‘ಲಾಗ್’, ‘ಬಾಟ್’ ಎಂಬವನ್ನು ಯಾರೂ ಪ್ರಶ್ನಿಸಲಿಲ್ಲವೆಂಬುದೇ ನನಗೆ ಸೋಜಿಗ.

ಉತ್ತರ 2:
‘ರೈಲು’, ‘ಬಸ್ಸು’ಗಳನ್ನು ತಾವು ಪ್ರಶ್ನಿಸಿ ಮುಗಿಸಿದ ಮೇಲೆ ನೋಡೋಣ.

ಪ್ರಶ್ನೆ ಕೇಳಿದವರು:
ವರದಿಯ ಮೂಲವನ್ನು ಮತ್ತೆ ನೋಡಿದೆ. ಅಲ್ಲಿ ಯಾರೂ ಲಾಗ್‌ಗಳನ್ನು ಓದಿ ಬೇರ್ಪಡಿಸಿಲ್ಲ, ಇರುವುದು ಮೂವತ್ತು ನಿಮಿಷದ ಎಣಿಕೆ ಮಾತ್ರ. ಸದ್ಯಕ್ಕೆ ‘ಮಾತು ನಿಂತ ಕಡೆ’ ಎಂದು ಹಾಕಿ, ಉಳಿದದ್ದನ್ನು ವರದಿ ಬರೆದವರಿಗೇ ಕೇಳಿ ಕಳುಹಿಸಿದ್ದೇನೆ.