ಲೋವರ್ ಥರ್ಡ್ ಯಾರೂ ಓದುತ್ತಿಲ್ಲ, ಸೈಜ್ ಎರಡು ಸಲ ದೊಡ್ಡದು ಮಾಡಿ ಆಯ್ತು

ಬಾವಿಕಟ್ಟೆ
ತಲೆ ಕೆಟ್ಟು ಹೋಗಿದೆ. ಬಾವಿ ತೋಡುವವರ ಬಗ್ಗೆ 22 ನಿಮಿಷದ ಡಾಕ್ಯುಮೆಂಟರಿ ಮಾಡಿದ್ದೇನೆ. ಐದು ಜನರಿಗೆ ತೋರಿಸಿದೆ. ಐವರೂ ಮುಗಿದ ಮೇಲೆ "ಮಾತಾಡಿದವರು ಯಾರು?" ಅಂತ ಕೇಳಿದರು. ಹೆಸರು ಹಾಕಿದ್ದೇನಲ್ಲ ಮಾರಾಯ್ರೆ! ಎಡಗಡೆ ಕೆಳಗೆ, ಬಿಳಿ ಅಕ್ಷರ, ಹಿಂದೆ ಕಪ್ಪು ಪಟ್ಟಿ, ಪೂರ್ತಿ 3 ಸೆಕೆಂಡ್. ಸೈಜ್ 42 ಇತ್ತು, 52 ಮಾಡಿದೆ, ಆಮೇಲೆ 60 ಮಾಡಿದೆ. ಅದೇ ಕಥೆ. ಇನ್ನೇನು ಮಾಡಬೇಕು?

ಅಕ್ಷರಪ್ರೇಮಿ
ಫಾಂಟ್ ಯಾವುದು? ಕನ್ನಡಕ್ಕೆ ತೆಳು ಫಾಂಟ್ ಹಾಕಿದರೆ ಟಿವಿಯಲ್ಲಿ ಗೆರೆ ಕಾಣುವುದೇ ಇಲ್ಲ. ಒಂದು ಹಂತ ದಪ್ಪ ಮಾಡಿ. ಸಾಲುಗಳ ನಡುವಿನ ಜಾಗವನ್ನೂ ನೋಡಿ. ಸಾಫ್ಟ್‌ವೇರ್ ಕೊಡುವ ಜಾಗ ಇಂಗ್ಲಿಷ್ ಅಕ್ಷರಕ್ಕೆ ಸರಿಹೋಗುತ್ತದೆ. ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ.

ಬಾವಿಕಟ್ಟೆ
ಒತ್ತಕ್ಷರದ ಮಾತು ನಿಜ, "ಕೃಷ್ಣಪ್ಪ"ನ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತಿದ್ದವು. ಬಿಡಿಸಿದೆ, ದಪ್ಪವೂ ಮಾಡಿದೆ. ಇನ್ನಿಬ್ಬರಿಗೆ ತೋರಿಸಿದೆ. ಹೆಸರು ಗೊತ್ತಿಲ್ಲವಂತೆ.

ಅಕ್ಷರಪ್ರೇಮಿ
ಹಾಗಾದರೆ ಪಟ್ಟಿಯ ಕಪ್ಪು ಸಾಲದು. ಎಷ್ಟು ಪರ್ಸೆಂಟ್ ಇದೆ? 80 ಮಾಡಿ. ಅಕ್ಷರಕ್ಕೆ ಸಣ್ಣ ನೆರಳು ಕೊಡಿ.

ಹಳೇ_ಎಡಿಟರ್
ಸೇಫ್ ಏರಿಯಾ ನೋಡಿದ್ದೀರಾ? ಅಕ್ಷರ ಒಳಗಿನ 80 ಪರ್ಸೆಂಟ್ ದಾಟಬಾರದು. ಟಿವಿಯ ಅಂಚು ನುಂಗುತ್ತದೆ.

ಫ್ರೇಮ್_ಪುಟ್ಟಿ
80 ಹಳೇ ಡಬ್ಬಾ ಟಿವಿ ಕಾಲದ್ದು ಸರ್. ಈಗ ಅಕ್ಷರಕ್ಕೆ 90 ಸಾಕು. 1920×1080ರಲ್ಲಿ ಪಕ್ಕಕ್ಕೆ 96 ಪಿಕ್ಸೆಲ್, ಕೆಳಗೆ 54 ಬಿಟ್ಟರೆ ಆಯ್ತು.

ಹಳೇ_ಎಡಿಟರ್
ನೀವು ಚಾನೆಲ್‌ಗೆ ಟೇಪ್ ಕೊಟ್ಟಿದ್ದೀರಾ? ವಾಪಸ್ ಬಂದಾಗ ಗೊತ್ತಾಗುತ್ತದೆ.

ಫ್ರೇಮ್_ಪುಟ್ಟಿ
ಟೇಪ್ ಯಾರು ಕೇಳುತ್ತಾರೆ ಈಗ. ಅಂಚು ನುಂಗಿದ್ದರೆ ಹೆಸರಿನ ಮೊದಲ ಅಕ್ಷರ ಕಾಣುತ್ತಿರಲಿಲ್ಲ. ಅವರ ದೂರು ಅದಲ್ಲವಲ್ಲ.

ರೆಂಡರ್_ರಾಜ
ನಾನು 32 ಇಂಚಿನ ಗ್ರೇಡಿಂಗ್ ಮಾನಿಟರ್ ತಗೊಂಡ ಮೇಲೆ ಇಂಥ ತೊಂದರೆಯೇ ಇಲ್ಲ. ಪಕ್ಕದಲ್ಲಿ ಇನ್ನೊಂದು 27 ಇಂಚಿನದು ಟೈಮ್‌ಲೈನ್‌ಗೆ. ಎಲ್ಲ ಗಾಜಿನ ಹಾಗೆ ಕಾಣುತ್ತದೆ.

ಕತ್ತರಿ_ಮೇಡಂ
ಮಾನಿಟರ್ ನಿಮ್ಮದು ರಾಜಣ್ಣ, ನೋಡುವವರು ಅವರ ಮನೆಯವರು.

ಬಾವಿಕಟ್ಟೆ, ಎರಡು ಪ್ರಶ್ನೆ. 3 ಸೆಕೆಂಡ್ ಅಂದರೆ ಪಟ್ಟಿ ಜಾರಿ ಬರುವುದು, ಹೋಗುವುದು ಸೇರಿಸಿಯಾ? ಮತ್ತೆ, ಅದೇ ಹೊತ್ತಿಗೆ ಪರದೆಯ ಮೇಲೆ ಓದುವಂಥದ್ದು ಬೇರೆ ಏನಾದರೂ ಇದೆಯಾ?

ಬಾವಿಕಟ್ಟೆ
ಸೇರಿಸಿ. 25 ಫ್ರೇಮ್ ರೇಟ್, ಒಟ್ಟು 75 ಫ್ರೇಮ್. 20 ಫ್ರೇಮ್ ಬರೋಕೆ, 20 ಹೋಗೋಕೆ. ಬೇರೆ ಏನೂ ಇಲ್ಲ. ಸಬ್‌ಟೈಟಲ್ ಬಿಟ್ಟರೆ.

ಫ್ರೇಮ್_ಪುಟ್ಟಿ
ಅಯ್ಯೋ! ಸಬ್‌ಟೈಟಲ್ ಇದೆ ಅಂತ ಈಗ ಹೇಳುವುದಾ?

ಬಾವಿಕಟ್ಟೆ
ಅದು ಗೊತ್ತಿರುವ ವಿಷಯ ಅಲ್ವಾ? ಅವರು ಮಾತಾಡುವುದು ಬೇರೆ ಭಾಷೆ, ಕೆಳಗೆ ಕನ್ನಡ ಸಬ್‌ಟೈಟಲ್. ಹೆಸರಿಗೆ ತಾಗುವುದಿಲ್ಲ, ಪಟ್ಟಿಯನ್ನು ಅದರ ಮೇಲೆ ಇಟ್ಟಿದ್ದೇನೆ.

ನೀಲಿಪರದೆ
ಸಬ್‌ಟೈಟಲ್ ಕಾಣಿಸದೇ ಇದ್ದರೆ `.srt` ಫೈಲನ್ನು UTF-8ನಲ್ಲಿ ಸೇವ್ ಮಾಡಿ. ನನಗೂ ಹೀಗೇ ಚೌಕ ಚೌಕ ಬರುತ್ತಿತ್ತು.

ಬಾವಿಕಟ್ಟೆ
ಕಾಣಿಸುತ್ತಿದೆ. ಪ್ರಶ್ನೆ ಅದಲ್ಲ.

ಕತ್ತರಿ_ಮೇಡಂ
ಹಾಗಾದರೆ ಫಾಂಟ್ ವಿಚಾರ ಬದಿಗಿಡಿ. 75ರಲ್ಲಿ 40 ಓಡಾಟಕ್ಕೇ ಹೋಯಿತು. ಹೆಸರು ನಿಂತಿರುವುದು 35 ಫ್ರೇಮ್, ಒಂದೂವರೆ ಸೆಕೆಂಡೂ ಇಲ್ಲ. ಆ ಹೊತ್ತಿನಲ್ಲಿ ನೋಡುವವರು ಮೊದಲು ಹೊಸ ಮುಖ ನೋಡುತ್ತಾರೆ. ಆಮೇಲೆ ಸಬ್‌ಟೈಟಲ್‌ಗೆ ಇಳಿಯುತ್ತಾರೆ, ಇಲ್ಲದಿದ್ದರೆ ಮಾತು ತಪ್ಪಿಹೋಗುತ್ತದೆ. ಹೆಸರಿಗೆ ಕಣ್ಣು ಬರುವಷ್ಟರಲ್ಲಿ ಪಟ್ಟಿ ವಾಪಸ್ ಹೊರಟಿರುತ್ತದೆ.

ನಾನು ಹೇಳಿದೆ ಅಂತ ನಂಬಬೇಡಿ. ಸಿನಿಮಾ ನೋಡದ ಇಬ್ಬರನ್ನು ಕೂರಿಸಿ. ಪಟ್ಟಿ ಹೋದ ಕೂಡಲೇ ನಿಲ್ಲಿಸಿ, "ಏನು ಹೇಳಿದರು? ಹೆಸರೇನು?" ಅಂತ ಕೇಳಿ. ಒಬ್ಬರಿಗೆ ಸಬ್‌ಟೈಟಲ್ ಇಟ್ಟು ತೋರಿಸಿ, ಇನ್ನೊಬ್ಬರಿಗೆ ಆರಿಸಿ ತೋರಿಸಿ. ನೀವೇ ನೋಡಿ ತೀರ್ಮಾನ ಮಾಡಬೇಡಿ. ಹೆಸರು ನಿಮಗೆ ಬಾಯಿಪಾಠ, ಅರ್ಧ ಸೆಕೆಂಡ್ ಇದ್ದರೂ ಓದಿದ ಹಾಗೆ ಅನಿಸುತ್ತದೆ.

ಅಕ್ಷರಪ್ರೇಮಿ
ಆದರೂ ನೆರಳು ಕೊಟ್ಟು ನೋಡಬಹುದಿತ್ತು.

ಬಾವಿಕಟ್ಟೆ
ಮಾಡಿದೆ. ಅಕ್ಕನಿಗೆ ಸಬ್‌ಟೈಟಲ್ ಜೊತೆ ತೋರಿಸಿದೆ. ಹಗ್ಗ ಹರಿದ ಕಥೆ ಪೂರ್ತಿ ಹೇಳಿದಳು. ಹೆಸರು ಕೇಳಿದರೆ, "ಹೆಸರು ಬಂತಾ?" ಅಂದಳು. ಭಾವನಿಗೆ ಸಬ್‌ಟೈಟಲ್ ಆರಿಸಿ ತೋರಿಸಿದೆ. ಹೆಸರು ಹೇಳಿದರು, ಹುದ್ದೆ ಅರ್ಧ ಹೇಳಿದರು. 60 ಸೈಜ್ ಅಕ್ಷರ ಕಣ್ಣೆದುರೇ ಇತ್ತು, ಅಕ್ಕ ಆ ಕಡೆ ನೋಡೇ ಇಲ್ಲ.

ಕತ್ತರಿ_ಮೇಡಂ
ಭಾವ ಹುದ್ದೆ ಅರ್ಧ ಹೇಳಿದರಲ್ಲ, ಅದು ಸಮಯ ಸಾಲದ್ದಕ್ಕೆ. ಅಕ್ಕನದು ಎರಡು ಓದು ಒಟ್ಟಿಗೆ ಬಿದ್ದದ್ದಕ್ಕೆ. ಹುದ್ದೆಗೆ ಏನು ಬರೆದಿದ್ದೀರಿ?

ಬಾವಿಕಟ್ಟೆ
"ನಿವೃತ್ತ ಅಂತರ್ಜಲ ಸರ್ವೇಕ್ಷಣಾ ವಿಭಾಗದ ಹಿರಿಯ ಅಧಿಕಾರಿ".

ಕತ್ತರಿ_ಮೇಡಂ
ಅದು ವಿಸಿಟಿಂಗ್ ಕಾರ್ಡ್. "ಅಂತರ್ಜಲ ತಜ್ಞ" ಸಾಕು. ಹೆಸರು, ಹುದ್ದೆ ಎರಡನ್ನೂ ಜೋರಾಗಿ, ಅವಸರ ಮಾಡದೆ ಎರಡು ಸಲ ಓದಿ. ಅಷ್ಟು ಹೊತ್ತು ಪಟ್ಟಿ ಅಲುಗಾಡದೆ ನಿಲ್ಲಬೇಕು. ಬರುವುದು, ಹೋಗುವುದು 8 ಫ್ರೇಮ್‌ನಲ್ಲಿ ಮುಗಿಯಲಿ.

ಇನ್ನು ಸಬ್‌ಟೈಟಲ್. ಹೆಸರನ್ನು ಸಬ್‌ಟೈಟಲ್ ಇಲ್ಲದ ಹೊತ್ತಿಗೆ ಸರಿಸಿ. ಜನ ಬಾಯಿ ತೆರೆಯುವ ಮುಂಚೆ ಸುಮ್ನೆ ಕೂತಿರುತ್ತಾರಲ್ಲ, ನೀವು ಅದನ್ನು ಕತ್ತರಿಸಿ ಎಸೆದಿರುತ್ತೀರಿ. ಕಚ್ಚಾ ಕ್ಲಿಪ್ ತೆಗೆದು ನೋಡಿ.

ಬಾವಿಕಟ್ಟೆ
ಇದೆ! ಅಜ್ಜಿ ಮಾತಾಡುವ ಮುಂಚೆ ಹಗ್ಗದ ಗಂಟು ಬಿಚ್ಚುತ್ತಾರೆ, 5 ಸೆಕೆಂಡ್. ಬೋರ್ ಅಂತ ತೆಗೆದಿದ್ದೆ. ಈಗ ವಾಪಸ್ ಹಾಕಿದೆ. ಕಟ್ ಆಗಿ 12 ಫ್ರೇಮ್ ಆದ ಮೇಲೆ ಹೆಸರು, ಮೂರೂವರೆ ಸೆಕೆಂಡ್. ಅದು ಹೋಗಿ ಸ್ವಲ್ಪ ಬಿಟ್ಟು ಮೊದಲ ಸಬ್‌ಟೈಟಲ್. ಪಕ್ಕದ ಮನೆಯವರನ್ನು ಕೂರಿಸಿದೆ. ಹೆಸರು, ಕೆಲಸ ಎರಡೂ ಹೇಳಿದರು. ಗಂಟು ಬಿಚ್ಚುವುದು ಚೆನ್ನಾಗಿದೆ ಅಂದರು ಬೇರೆ.

ಅಂತರ್ಜಲದವರಿಗೆ ಮುಂಚಿನ ಮೌನ ಇಲ್ಲ. ಅವರ ಧ್ವನಿಯನ್ನು ಬಾವಿಯ ಶಾಟ್ ಮೇಲೆ ಮೊದಲು ಓಡಿಸಿದೆ, ಅಲ್ಲಿ ಸಬ್‌ಟೈಟಲ್ ಇರುತ್ತದೆ. ಉಸಿರು ತಗೊಳ್ಳೋಕೆ ನಿಲ್ಲಿಸಿದಾಗ ಮುಖಕ್ಕೆ ಕಟ್, ಅಲ್ಲಿ ಹೆಸರು. ಆ ಮೌನ ಎರಡು ಸೆಕೆಂಡ್ ಅಷ್ಟೇ, ಮುಂದಿನ ಸಬ್‌ಟೈಟಲ್ ಹೆಸರಿನ ಬಾಲಕ್ಕೆ ಬಂದು ಬೀಳುತ್ತದೆ.

ಫ್ರೇಮ್_ಪುಟ್ಟಿ
ಬಾಲ ತಗಲಿದರೆ ಪರವಾಗಿಲ್ಲ, ಅಷ್ಟರಲ್ಲಿ ಓದಿ ಮುಗಿದಿರುತ್ತದೆ. ಹೆಸರು ಮುಂದಿನ ಕಟ್ ದಾಟದಂತೆ ಮಾತ್ರ ನೋಡಿ. ಇಲ್ಲದಿದ್ದರೆ ಅವರ ಹೆಸರು ಬೇರೆಯವರ ಮುಖದ ಮೇಲೆ ಕೂರುತ್ತದೆ.

ಬಾವಿಕಟ್ಟೆ
ಸರಿ. ಮೂರನೆಯವರೇ ಕಷ್ಟ. ಕೃಷ್ಣಪ್ಪ ಉಸಿರೇ ಬಿಡದೆ ಮಾತಾಡುತ್ತಾರೆ. ಸುಮ್ನೆ ನಡೆಯುವ ಶಾಟ್ ಕೂಡ ಇಲ್ಲ.

ಹಳೇ_ಎಡಿಟರ್
ನ್ಯೂಸ್‌ನಲ್ಲಿದ್ದಾಗ ಈ ಹೆಸರಿನ ಪಟ್ಟಿಯನ್ನು ಆಸ್ಟನ್ ಅಂತಿದ್ದೆವು. ಇಂಥವರಿಗೆ ಹೆಸರನ್ನು ಮುಖದ ಪಕ್ಕ, ಅವರು ನೋಡುತ್ತಿರುವ ಖಾಲಿ ಕಡೆಗೆ, ಕಣ್ಣಿನ ಎತ್ತರಕ್ಕೆ ಹಾಕಿ. ಮುಖದಿಂದ ಕಣ್ಣು ದೂರ ಹೋಗಬೇಕಾಗಿಲ್ಲ.

ಕತ್ತರಿ_ಮೇಡಂ
ನಾನು ಒಪ್ಪುವುದಿಲ್ಲ. ಉಳಿದವರದು ಕೆಳಗೆ, ಇವರದು ಪಕ್ಕದಲ್ಲಿ ಅಂದರೆ ತೇಪೆ ಹಾಕಿದ ಹಾಗೆ. ಸಬ್‌ಟೈಟಲ್ ಆಗಲೂ ಕೆಳಗೆ ಎಳೆಯುತ್ತಲೇ ಇರುತ್ತದೆ. ಮೊದಲ ವಾಕ್ಯದ ಸಬ್‌ಟೈಟಲ್ ಚಿಕ್ಕದು ಮಾಡಿ, ಬೇಗ ಮುಗಿಸಿ, ಉಳಿದ ಜಾಗದಲ್ಲಿ ಹೆಸರು ಹಾಕಿ.

ಹಳೇ_ಎಡಿಟರ್
ಅವರು ಹೇಳಿದ್ದನ್ನು ಕತ್ತರಿಸಿ ಹೆಸರಿಗೆ ಜಾಗ ಮಾಡುವುದಾ? ಎಲ್ಲರದ್ದೂ ಪಕ್ಕಕ್ಕೆ ಹಾಕಿದರೆ ತೇಪೆ ಎಲ್ಲಿ?

ಬಾವಿಕಟ್ಟೆ
ಅಜ್ಜಿಯ ಪಕ್ಕ ಪೂರ್ತಿ ಬಿಳಿ ಆಕಾಶ ಇದೆ ಸರ್. ಅಲ್ಲಿ ಬಿಳಿ ಅಕ್ಷರ...

ಅಕ್ಷರಪ್ರೇಮಿ
ನೆರಳು!

ಬಾವಿಕಟ್ಟೆ
ಕೃಷ್ಣಪ್ಪನದು ಎರಡೂ ಥರ ಮಾಡಿ ಭಾನುವಾರ ಬೇರೆ ನಾಲ್ಕು ಜನರಿಗೆ ತೋರಿಸುತ್ತೇನೆ. ಅಕ್ಕ ಇನ್ನು ಕೂರಲ್ಲ ಅಂದಿದ್ದಾಳೆ. ಅವಳಿಗೂ ಈಗ ಹೆಸರೆಲ್ಲ ಬಾಯಿಪಾಠ.